ಗ್ರೇಡಿಂಗ್ ಸ್ಕೀಮ್ ಆಯ್ಕೆ: ಪರೀಕ್ಷೆಗೆ ಹೆಚ್ಚು ತೂಕವೋ, ಅಸೈನ್‌ಮೆಂಟ್‌ಗೋ?

ಕೆನಡಾ ಮತ್ತು ಅಮೆರಿಕದ ವಿಶ್ವವಿದ್ಯಾಲಯಗಳ ಕೆಲವು ಕೋರ್ಸ್‌ಗಳಲ್ಲಿ ಅಧ್ಯಾಪಕರು ಮೊದಲ ವಾರ ಕೊಡುವ ಸಿಲೆಬಸ್‌ನಲ್ಲಿ ಅಂಕ ಹಂಚಿಕೆಯ ಎರಡು ಕ್ರಮಗಳಿರುತ್ತವೆ. ಒಂದರಲ್ಲಿ ಅಂತಿಮ ಪರೀಕ್ಷೆಗೆ ಹೆಚ್ಚು ತೂಕ, ಇನ್ನೊಂದರಲ್ಲಿ ಸೆಮಿಸ್ಟರ್ ಉದ್ದಕ್ಕೂ ಒಪ್ಪಿಸುವ ಅಸೈನ್‌ಮೆಂಟ್‌ಗಳಿಗೆ ಹೆಚ್ಚು ತೂಕ. ಇವುಗಳಲ್ಲಿ ಒಂದನ್ನು ವಿದ್ಯಾರ್ಥಿಯೇ ಆರಿಸಿಕೊಳ್ಳುವುದನ್ನು ಗ್ರೇಡಿಂಗ್ ಸ್ಕೀಮ್ ಆಯ್ಕೆ ಎನ್ನಬಹುದು. ವಿಟಿಯುವಿನಂಥ ಕಡೆ ಓದಿ ಹೋದವರಿಗೆ ಇದು ಹೊಸದು. ಅಲ್ಲಿ ಇಂಟರ್ನಲ್ಸ್ ಎಷ್ಟು, ಸೆಮಿಸ್ಟರ್ ಪರೀಕ್ಷೆ ಎಷ್ಟು ಎಂಬುದನ್ನು ವಿಶ್ವವಿದ್ಯಾಲಯವೇ ಎಲ್ಲರಿಗೂ ಒಂದೇ ರೀತಿ ನಿಗದಿಪಡಿಸುತ್ತದೆ.

ಮೊದಲು ಗಮನಿಸಬೇಕಾದದ್ದು, ಇದು ನಿಜವಾಗಿಯೂ ಆಯ್ಕೆಯೇ ಎಂಬುದು. ಎರಡೂ ಕ್ರಮಗಳಲ್ಲಿ ಲೆಕ್ಕ ಹಾಕಿ, ಯಾವುದು ಹೆಚ್ಚೋ ಅದನ್ನೇ ಕೊಡುತ್ತೇವೆ ಎಂದು ಕೆಲವು ಅಧ್ಯಾಪಕರು ಬರೆದಿರುತ್ತಾರೆ. ಅಲ್ಲಿ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಗೊತ್ತುಪಡಿಸಿದ ದಿನಾಂಕದೊಳಗೆ ತಿಳಿಸಬೇಕು, ಅನಂತರ ಬದಲಾಯಿಸುವಂತಿಲ್ಲ ಎಂದಿದ್ದರೆ ಮಾತ್ರ ಮುಂದಿನ ಲೆಕ್ಕ ಬೇಕಾಗುತ್ತದೆ.

ಒಂದು ಉದಾಹರಣೆ ನೋಡೋಣ. ಮೊದಲ ಕ್ರಮದಲ್ಲಿ ಅಸೈನ್‌ಮೆಂಟ್‌ಗೆ ಶೇ. 30, ಮಧ್ಯಂತರ ಪರೀಕ್ಷೆಗೆ ಶೇ. 20, ಅಂತಿಮ ಪರೀಕ್ಷೆಗೆ ಶೇ. 50, ಎರಡನೆಯದರಲ್ಲಿ ಕ್ರಮವಾಗಿ 50, 20, 30 ಎಂದಿಟ್ಟುಕೊಳ್ಳೋಣ. ಒಬ್ಬ ವಿದ್ಯಾರ್ಥಿನಿಗೆ ಅಸೈನ್‌ಮೆಂಟ್‌ಗಳಲ್ಲಿ ಸರಾಸರಿ 88, ಮಧ್ಯಂತರದಲ್ಲಿ 70, ಅಂತಿಮ ಪರೀಕ್ಷೆಯಲ್ಲಿ 64 ಬಂದರೆ, ಮೊದಲ ಕ್ರಮದಲ್ಲಿ ಒಟ್ಟು 72.4, ಎರಡನೆಯದರಲ್ಲಿ 77.2 ಆಗುತ್ತದೆ. ಟೊರೊಂಟೊ ವಿಶ್ವವಿದ್ಯಾಲಯದ ಮಾಪಕದಲ್ಲಿ 72 ಬಿ ಮೈನಸ್, 77 ಬಿ ಪ್ಲಸ್. ಎರಡರ ನಡುವಿನ 4.8 ಅಂಕಗಳ ಅಂತರ ಎಲ್ಲಿಂದ ಬಂತು? ಒಂದು ಕ್ರಮದಿಂದ ಇನ್ನೊಂದಕ್ಕೆ ಜಾರಿದ ತೂಕ ಶೇ. 20, ಅಸೈನ್‌ಮೆಂಟ್ ಸರಾಸರಿಗೂ ಅಂತಿಮ ಪರೀಕ್ಷೆಯ ಅಂಕಕ್ಕೂ ಇರುವ ವ್ಯತ್ಯಾಸ 24, 24ರ ಶೇ. 20 ಎಂದರೆ 4.8. ಮಧ್ಯಂತರದ ತೂಕ ಎರಡರಲ್ಲೂ ಒಂದೇ ಆದ್ದರಿಂದ ಅದು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಹಾಗಾಗಿ ‘ನಾನು ಪರೀಕ್ಷೆ ಚೆನ್ನಾಗಿ ಬರೆಯುತ್ತೇನೆಯೇ’ ಎಂಬ ಪ್ರಶ್ನೆಯಷ್ಟೇ ಸಾಲದು. ‘ಅಸೈನ್‌ಮೆಂಟ್‌ಗಿಂತ ಚೆನ್ನಾಗಿ ಬರೆಯುತ್ತೇನೆಯೇ’ ಎಂದು ಕೇಳಿಕೊಳ್ಳಬೇಕು. ಪರೀಕ್ಷೆಯಲ್ಲಿ 85 ತೆಗೆಯುವವನಿಗೂ ಅಸೈನ್‌ಮೆಂಟ್‌ನಲ್ಲಿ 92 ಬರುವುದಾದರೆ ಎರಡನೆಯ ಕ್ರಮವೇ ಲಾಭ, ಆದರೆ ಆ ಲಾಭ ಒಂದೂವರೆ ಅಂಕವನ್ನೂ ಮುಟ್ಟುವುದಿಲ್ಲ.

ಪುಸ್ತಕ ನೋಡಿ, ಸಹಾಯಕ ಬೋಧಕರನ್ನು ಕೇಳಿ, ಒಂದು ವಾರ ಕುಳಿತು ಮಾಡುವ ಕೆಲಸದಲ್ಲಿ ಮೂರು ಗಂಟೆಯ ಪರೀಕ್ಷೆಗಿಂತ ಹೆಚ್ಚು ಅಂಕ ಬರುವುದು ಸಹಜ. ಆದ್ದರಿಂದ ಬಹುಮಂದಿಗೆ ಎರಡನೆಯ ಕ್ರಮವೇ ಹಿತವಾಗಿ ಕಾಣುತ್ತದೆ. ನನ್ನ ದೃಷ್ಟಿಯಲ್ಲಿ ಈ ತೀರ್ಮಾನ ತುಸು ಅವಸರದ್ದು, ಏಕೆಂದರೆ ಅಸೈನ್‌ಮೆಂಟ್, ಪರೀಕ್ಷೆ ಎರಡರ ಅಂಕವನ್ನೂ ಬೇರೆ ಬೇರೆಯಾಗಿ ತರಗತಿಯ ಉಳಿದವರಿಗೆ ಹೋಲಿಸಿ, ಅಂದರೆ ಕರ್ವ್ ಹಾಕಿ, ಆಮೇಲೆ ತೂಕದಂತೆ ಕೂಡಿಸುವ ಕೋರ್ಸ್‌ಗಳೂ ಇರಬಹುದು. ಎಲ್ಲರ ಅಸೈನ್‌ಮೆಂಟ್ ಅಂಕವೂ 85ರಿಂದ 95ರೊಳಗೆ ಗುಂಪಾಗಿದ್ದರೆ ನಿಮ್ಮ 90 ನಿಮ್ಮನ್ನು ಯಾರಿಗಿಂತಲೂ ಬಹಳ ಮುಂದೆ ನಿಲ್ಲಿಸುವುದಿಲ್ಲ. ಅಂಥ ಕಡೆ ಪರೀಕ್ಷೆಯಲ್ಲಿ ಸಹಪಾಠಿಗಳಿಗಿಂತ ಮುಂದಿರುವವರಿಗೆ ಮೊದಲ ಕ್ರಮವೇ ಮೇಲು.

ಅಸೈನ್‌ಮೆಂಟ್‌ಗೆ ಹೆಚ್ಚು ತೂಕ ಇರುವ ಕ್ರಮದಲ್ಲಿ ಅಪಾಯವೇ ಇಲ್ಲವೆಂದೂ ಅಲ್ಲ. ಸಮಾನ ತೂಕದ ಎಂಟು ಅಸೈನ್‌ಮೆಂಟ್‌ಗಳಿದ್ದು ಒಂದನ್ನು ಒಪ್ಪಿಸದೇ ಬಿಟ್ಟರೆ ಮೊದಲ ಕ್ರಮದಲ್ಲಿ ಹೋಗುವುದು 3.75 ಅಂಕ, ಎರಡನೆಯದರಲ್ಲಿ 6.25. ಬೇರೆ ಮೂರು ಕೋರ್ಸ್‌ಗಳ ಜೊತೆಗೆ ಕೆಲಸಕ್ಕೂ ಹೋಗುವವರು ಗಡುವುಗಳು ಒಂದೇ ವಾರದಲ್ಲಿ ಬೀಳುತ್ತವೆಯೇ ಎಂದು ದಿನಾಂಕಗಳನ್ನು ಪಕ್ಕದಲ್ಲಿಟ್ಟು ನೋಡಬೇಕು. ಇನ್ನೊಂದೆಡೆ, ಪರೀಕ್ಷೆಯ ದಿನ ಜ್ವರ ಬಂದರೆ ಅರ್ಧ ಗ್ರೇಡ್ ಆ ಮೂರು ಗಂಟೆಗೇ ನೇತುಬೀಳುವುದು ಮೊದಲ ಕ್ರಮದ ಅಪಾಯ.

ಸಿಲೆಬಸ್‌ನಲ್ಲಿ ಕಣ್ಣು ತಪ್ಪುವ ಸಾಲೊಂದಿದೆ: ಕೋರ್ಸ್ ಪಾಸಾಗಲು ಅಂತಿಮ ಪರೀಕ್ಷೆಯಲ್ಲಿ ಇಂತಿಷ್ಟು ಅಂಕ ಬರಲೇಬೇಕು ಎಂಬ ಷರತ್ತು. ಅದಿದ್ದಲ್ಲಿ ಅಸೈನ್‌ಮೆಂಟ್ ಅಂಕ ಎಷ್ಟೇ ಇದ್ದರೂ, ಯಾವ ಕ್ರಮ ಆರಿಸಿದ್ದರೂ, ಪರೀಕ್ಷೆಯಲ್ಲಿ ಆ ಗೆರೆ ದಾಟದವರು ಫೇಲ್ ಆಗುತ್ತಾರೆ. ಏನನ್ನೂ ತಿಳಿಸದೆ ಗಡುವು ಕಳೆದುಹೋದರೆ ಯಾವ ಕ್ರಮ ತಾನಾಗಿ ಅನ್ವಯವಾಗುತ್ತದೆ ಎಂಬುದೂ ಸಿಲೆಬಸ್‌ನಲ್ಲೇ ಇರುತ್ತದೆ. ಇಲ್ಲದಿದ್ದರೆ ಅಧ್ಯಾಪಕರಿಗೆ ಇಮೇಲ್ ಬರೆದು ಕೇಳಿ, ಉತ್ತರವನ್ನು ಉಳಿಸಿಟ್ಟುಕೊಳ್ಳಬೇಕು.