ಲೋಲಕ ನಿಲ್ಲಿಸುವ ಮೋಟಾರಿಗೆ ಪಾಲಿಸಿ ಗ್ರೇಡಿಯೆಂಟ್ ಯಾಕೆ ಒಗ್ಗುತ್ತದೆ

ತಂಡಕ್ಕೆ ಹೊಸದಾಗಿ ಸೇರಿದವರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು: "ಸರ್, ಅಟಾರಿ ಆಟ ಆಡೋಕೆ ಡಿಕ್ಯೂಎನ್ ಸಾಕಾಯ್ತಲ್ವಾ, ಮೋಟಾರಿಗೂ ಅದನ್ನೇ ಹಾಕಿದ್ರೆ ಏನು?" ಪ್ರಶ್ನೆ ಸರಿಯಾಗಿಯೇ ಇದೆ. ಡಿಕ್ಯೂಎನ್, ಪಾಲಿಸಿ ಗ್ರೇಡಿಯೆಂಟ್ ಎರಡೂ ಮಾಡಿ ನೋಡಿ, ಬಂದ ಅಂಕದಿಂದ ಕಲಿಯುವ ವಿಧಾನಗಳೇ. ಉತ್ತರವನ್ನು `Pendulum-v1` ಇಟ್ಟುಕೊಂಡು ನೋಡೋಣ. ಜಿಮ್ನೇಸಿಯಂ ಲೈಬ್ರರಿಯಲ್ಲಿ ಸಿಗುವ ಚಿಕ್ಕ ಸಿಮ್ಯುಲೇಷನ್ ಅದು, ಯಾರ ಲ್ಯಾಪ್‌ಟಾಪ್‌ನಲ್ಲಾದರೂ ಓಡುತ್ತದೆ.

ಒಂದು ಕಡ್ಡಿ, ಅದರ ಬುಡದಲ್ಲಿ ಒಂದು ಮೋಟಾರು. ಕಡ್ಡಿಯನ್ನು ಮೇಲಕ್ಕೆತ್ತಿ ನೆಟ್ಟಗೆ ನಿಲ್ಲಿಸಬೇಕು. ಮೋಟಾರಿನ ಟಾರ್ಕ್ −2ರಿಂದ +2ರ ಒಳಗೆ ಎಷ್ಟು ಬೇಕಾದರೂ ಇರಬಹುದು. ಕಡ್ಡಿ ಅಡ್ಡಡ್ಡ ನಿಂತಾಗ ಗುರುತ್ವದ ಎಳೆತ 5 ಇರುತ್ತದೆ. ಹಾಗಾಗಿ ಒಂದೇ ಸಲಕ್ಕೆ ಎತ್ತಲು ಆಗಲ್ಲ. ಆಕಡೆ ಈಕಡೆ ತೂಗಿ, ವೇಗ ಕೂಡಿಸಿಕೊಂಡು ಮೇಲೆ ಹೋಗಬೇಕು. ನೆಟ್ಟಗಿನಿಂದ ಎಷ್ಟು ವಾಲಿದೆ, ಎಷ್ಟು ವೇಗವಿದೆ, ಎಷ್ಟು ಟಾರ್ಕ್ ಖರ್ಚಾಯಿತು ಎಂಬುದರ ಮೇಲೆ ಪ್ರತಿ ಹೆಜ್ಜೆಗೂ ಅಂಕ ಕಳೆಯುತ್ತಾರೆ. ಸಿಗುವ ಗರಿಷ್ಠ ಅಂಕ ಸೊನ್ನೆ.

ಡಿಕ್ಯೂಎನ್‌ನಂಥ ವ್ಯಾಲ್ಯೂ ಆಧಾರಿತ ವಿಧಾನ ಕಲಿಯುವುದು ಕ್ಯೂ ಎಂಬ ಅಂದಾಜನ್ನು: ಈ ಸ್ಥಿತಿಯಲ್ಲಿ ಈ ಕ್ರಿಯೆ ಮಾಡಿದರೆ ಮುಂದೆ ಒಟ್ಟು ಎಷ್ಟು ಅಂಕ ಬಂದೀತು? ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಅದು ನೇರವಾಗಿ ಕಲಿಯುವುದೇ ಇಲ್ಲ. ಎಲ್ಲ ಕ್ರಿಯೆಗಳ ಕ್ಯೂ ನೋಡಿ, ಜಾಸ್ತಿ ಇರುವುದನ್ನು ಆರಿಸಿಕೊಳ್ಳುತ್ತದೆ, ಅಷ್ಟೇ. ಅಟಾರಿಯಲ್ಲಿ ಹೆಚ್ಚೆಂದರೆ 18 ಕ್ರಿಯೆ. ನೆಟ್‌ವರ್ಕ್ 18 ಸಂಖ್ಯೆ ಕೊಟ್ಟರೆ ದೊಡ್ಡದನ್ನು ಆರಿಸುವುದು ಕಷ್ಟವೇನಲ್ಲ. −2 ಮತ್ತು +2ರ ನಡುವೆ ಎಣಿಸಲಾಗದಷ್ಟು ಟಾರ್ಕ್‌ಗಳಿದ್ದಾಗ, ದೊಡ್ಡ ಕ್ಯೂ ಎಲ್ಲಿದೆ ಎಂದು ಹುಡುಕುವುದೇ ಬೇರೊಂದು ಲೆಕ್ಕ. ಆ ಲೆಕ್ಕವನ್ನು ಪ್ರತಿ ಹೆಜ್ಜೆಯಲ್ಲೂ ಮಾಡಬೇಕು, ತರಬೇತಿಯಲ್ಲಿ ಪ್ರತಿ ಉದಾಹರಣೆಗೂ ಮಾಡಬೇಕು.

"ಹಾಗಾದ್ರೆ −2, 0, +2 ಅಂತ ಮೂರೇ ಮಾಡಿಬಿಡೋಣ" ಎನ್ನುವವರಿದ್ದಾರೆ. ಕಡ್ಡಿಯನ್ನು ತೂಗಿ ಮೇಲಕ್ಕೆ ತರುವವರೆಗೆ ಇದು ಚೆನ್ನಾಗಿಯೇ ನಡೆಯುತ್ತದೆ. ತೊಂದರೆ ಇರುವುದು ತುದಿಯಲ್ಲಿ. ಕಡ್ಡಿ ನೆಟ್ಟಗಿನಿಂದ 0.02 ರೇಡಿಯನ್, ಅಂದರೆ ಒಂದು ಡಿಗ್ರಿ ಚಿಲ್ಲರೆ ವಾಲಿದೆ ಅಂದುಕೊಳ್ಳಿ. ಅದನ್ನು ಹಿಡಿದು ನಿಲ್ಲಿಸಲು ಬೇಕಾದ ಟಾರ್ಕ್ ಬರೀ 0.1. ನಿಮ್ಮ ಹತ್ತಿರ ಇರುವುದು ಸೊನ್ನೆ ಅಥವಾ 2. ಸೊನ್ನೆ ಕೊಟ್ಟರೆ ಇನ್ನಷ್ಟು ವಾಲುತ್ತದೆ. 2 ಕೊಟ್ಟರೆ ಬೇಕಾದ್ದಕ್ಕಿಂತ 20 ಪಟ್ಟು ತಳ್ಳಿದ ಹಾಗೆ: ಒಂದೇ ಹೆಜ್ಜೆಯಲ್ಲಿ ವೇಗ ಸೆಕೆಂಡಿಗೆ ಸುಮಾರು 0.3 ರೇಡಿಯನ್ ಬದಲಾಗಿ ಕಡ್ಡಿ ಆಚೆ ಬದಿಗೆ ಹೊರಡುತ್ತದೆ. ಆಮೇಲೆ ಅದನ್ನು ವಾಪಸ್ ತರಬೇಕು. ಹೀಗೆ ಮೋಟಾರು ನಡುಗುತ್ತಲೇ ಇರುತ್ತದೆ. ಸಿಮ್ಯುಲೇಷನ್‌ನಲ್ಲಿ ಇದು ಗ್ರಾಫಿನ ಹಲ್ಲು ಮಾತ್ರ, ನಿಜವಾದ ಗೇರ್‌ಬಾಕ್ಸ್‌ಗೆ ಇದು ಸವೆತ.

ಮೂರರ ಬದಲು 11 ಭಾಗ ಮಾಡಬಹುದು. ಒಂದೇ ಮೋಟಾರಿದ್ದರೆ ಸಾಕು ಕೂಡ. ಆದರೆ ಏಳು ಕೀಲುಗಳಿರುವ ರೋಬೋ ತೋಳಿಗೆ ಬನ್ನಿ. ಕೀಲಿಗೆ ಮೂರೇ ಆಯ್ಕೆ ಇಟ್ಟರೂ ಒಟ್ಟು 2,187 ಜೋಡಣೆ. ಹನ್ನೊಂದು ಇಟ್ಟರೆ ಸುಮಾರು 1.95 ಕೋಟಿ.

ಪಾಲಿಸಿ ಗ್ರೇಡಿಯೆಂಟ್ ಈ ಹುಡುಕಾಟವನ್ನೇ ಬಿಟ್ಟುಬಿಡುತ್ತದೆ. ಪಾಲಿಸಿ ಅಂದರೆ ಸ್ಥಿತಿ ನೋಡಿ ಕ್ರಿಯೆ ಆರಿಸುವ ನಿಯಮ, ಇಲ್ಲಿ ಅದನ್ನೇ ನೇರವಾಗಿ ಕಲಿಯುತ್ತೇವೆ. ಬಚ್ಚಲಲ್ಲಿ ಬಿಸಿನೀರು ಬೆರೆಸುವಾಗ ನಾವು ನಲ್ಲಿಯ ಪ್ರತಿ ತಿರುವಿಗೂ ಅಂಕ ಕೊಟ್ಟು ಪಟ್ಟಿ ಮಾಡುವುದಿಲ್ಲ. ಸ್ವಲ್ಪ ತಿರುಗಿಸಿ, ಹದ ಬಂತಾ ನೋಡಿ, ಅದೇ ಕಡೆಗೆ ಇನ್ನಷ್ಟು ತಿರುಗಿಸುತ್ತೇವೆ. ಇಲ್ಲೂ ಅಷ್ಟೇ. ನೆಟ್‌ವರ್ಕ್ ಸ್ಥಿತಿಯನ್ನು ನೋಡಿ ಎರಡು ಸಂಖ್ಯೆ ಕೊಡುತ್ತದೆ: ಸರಾಸರಿ `mu` ಮತ್ತು ಹರವು `sigma`. ಇವೆರಡು ಸೇರಿ ಗಾಸಿಯನ್ ಎಂಬ ಗಂಟೆಯಾಕಾರದ ಹಂಚಿಕೆ ಆಗುತ್ತದೆ, ಅದರಿಂದ ಒಂದು ಟಾರ್ಕ್ ಎತ್ತಿಕೊಳ್ಳುತ್ತೇವೆ. ಫಲ ನಿರೀಕ್ಷೆಗಿಂತ ಚೆನ್ನಾಗಿದ್ದರೆ `mu` ಆ ಕಡೆ ಸರಿಯುತ್ತದೆ, ಇಲ್ಲದಿದ್ದರೆ ಎದುರು ಕಡೆ. ಏಳು ಕೀಲಿಗೆ ಬೇಕಾಗುವುದು 14 ಸಂಖ್ಯೆ, ಕೋಟಿಯಲ್ಲ. ಪ್ರಯೋಗ ಮಾಡಿ ನೋಡುವ ಗುಣ `sigma` ಒಳಗೇ ಇದೆ. ಆಗೀಗ ಸುಮ್ನೆ ಒಂದು ಕ್ರಿಯೆ ಆರಿಸು ಎಂದು ಡಿಕ್ಯೂಎನ್‌ಗೆ ಹೇಳಿಕೊಡುವ ಹಾಗೆ ಇಲ್ಲಿ ಬೇರೆ ನಿಯಮ ಬೇಕಿಲ್ಲ.

ಒಂದು ಹೆಜ್ಜೆಯ ಲೆಕ್ಕ ನೋಡಿ. `mu` 0.4, `sigma` 0.5. ಎತ್ತಿದ ಟಾರ್ಕ್ 0.9. ಅಲ್ಲಿಂದ ಮುಂದೆ ಬಂದ ಒಟ್ಟು ಅಂಕ −140. ಆ ಸ್ಥಿತಿಯಿಂದ −143 ಬರಬಹುದು ಎಂದು ಅಂದಾಜಿತ್ತು. ಅಂದರೆ 3 ಅಂಕ ಲಾಭ. `mu` ಯಾವ ಕಡೆ, ಎಷ್ಟು ಸರಿಯಬೇಕೆಂದು ಹೇಳುವ ಗ್ರೇಡಿಯೆಂಟ್ (0.9 − 0.4) / 0.25 = 2, ಇಲ್ಲಿ 0.25 ಅಂದರೆ `sigma`ದ ವರ್ಗ. ಅದನ್ನು 3ರಿಂದ ಗುಣಿಸಿದರೆ 6. ಕಲಿಕೆಯ ದರ 0.01 ಇದ್ದರೆ `mu` 0.46 ಆಗುತ್ತದೆ. ಅಂಕ −146 ಬಂದಿದ್ದರೆ 0.34 ಆಗುತ್ತಿತ್ತು. 1992ರಲ್ಲಿ ರೊನಾಲ್ಡ್ ವಿಲಿಯಮ್ಸ್ ರೀಇನ್‌ಫೋರ್ಸ್ ಎಂಬ ಹೆಸರಿನಲ್ಲಿ ಕೊಟ್ಟ ವಿಧಾನದ ತಿರುಳು ಇದೇ.

ಆ −143 ಎಲ್ಲಿಂದ ಬಂತು? ಅದೂ ಒಂದು ವ್ಯಾಲ್ಯೂ ಅಂದಾಜೇ. ಆದರೆ ಅದು ಸ್ಥಿತಿಗೆ ಮಾತ್ರ ಬೆಲೆ ಕಟ್ಟುತ್ತದೆ, ಕ್ರಿಯೆಯನ್ನು ಕೇಳುವುದಿಲ್ಲ. ಹಾಗಾಗಿ ದೊಡ್ಡದನ್ನು ಹುಡುಕುವ ಕೆಲಸ ಬರುವುದಿಲ್ಲ. ಅದನ್ನು ಕಳೆಯದೇ ಬಿಟ್ಟರೆ ಏನಾಗುತ್ತದೆ ಗೊತ್ತಾ? ಇಲ್ಲಿ ಎಲ್ಲ ಅಂಕವೂ ಋಣ. ಒಳ್ಳೆಯ ಟಾರ್ಕ್ ಎತ್ತಿದರೂ `mu` ಅದರಿಂದ ದೂರ ಓಡುತ್ತದೆ, ಕೆಟ್ಟದ್ದನ್ನು ಎತ್ತಿದರೆ ಇನ್ನೂ ಸ್ವಲ್ಪ ದೂರ. ಲಕ್ಷ ಉದಾಹರಣೆಗಳ ಸರಾಸರಿ ತೆಗೆದರೆ ದಿಕ್ಕು ಸರಿಯೇ ಇರುತ್ತದೆ. ಆದರೆ ಅಷ್ಟು ಗದ್ದಲದಲ್ಲಿ ಕಲಿಕೆ ತೆವಳುತ್ತದೆ.

ಗದ್ದಲವೇ ಈ ವಿಧಾನದ ದೊಡ್ಡ ಖರ್ಚು. ಇನ್ನೊಂದು ಖರ್ಚು, ಹಳೆಯ ಡೇಟಾ ಕೆಲಸಕ್ಕೆ ಬರದಿರುವುದು. ಡಿಕ್ಯೂಎನ್ ಹಳೆಯ ಅನುಭವವನ್ನು ಕೂಡಿಟ್ಟು ಮತ್ತೆ ಮತ್ತೆ ಬಳಸುತ್ತದೆ. ಇಲ್ಲಿನ ಗ್ರೇಡಿಯೆಂಟ್ ಈಗಿನ ಪಾಲಿಸಿ ಎತ್ತಿದ ಕ್ರಿಯೆಗಳಿಗೆ ಮಾತ್ರ ಸರಿಹೊಂದುತ್ತದೆ. ಪಾಲಿಸಿ ಬದಲಾದರೆ ಡೇಟಾ ಹಳಸಿದಂತೆ. 2017ರಲ್ಲಿ ಬಂದ ಪಿಪಿಒ ಎಂಬ ಪಾಲಿಸಿ ಗ್ರೇಡಿಯೆಂಟ್ ವಿಧಾನ ಅದೇ ಡೇಟಾವನ್ನು ಕೆಲವು ಸುತ್ತು ಬಳಸಲು ಬಿಡುತ್ತದೆ. ಆದರೆ ಒಂದು ಕ್ರಿಯೆಯ ಸಂಭಾವ್ಯತೆ ಮೊದಲಿದ್ದದ್ದಕ್ಕಿಂತ 20% ಹೆಚ್ಚು ಸರಿದ ಮೇಲೆ, ಇನ್ನೂ ಅದೇ ಕಡೆ ಸರಿದರೆ ಲಾಭ ಕೊಡುವುದನ್ನು ನಿಲ್ಲಿಸುತ್ತದೆ. ಈ 20% ಬದಲಿಸಬಹುದಾದ ಸೆಟ್ಟಿಂಗ್, ಬಹಳ ಜನ ಹಾಗೇ ಬಿಡುತ್ತಾರೆ.

ಎರಡರ ನಡುವೆ ಗೋಡೆಯೇನೂ ಇಲ್ಲ. ಡಿಡಿಪಿಜಿ, ಎಸ್‌ಎಸಿ ಎಂಬ ವಿಧಾನಗಳು ಕ್ಯೂ ಕಲಿಯುತ್ತವೆ, ಹಳೆಯ ಡೇಟಾವನ್ನೂ ಬಳಸುತ್ತವೆ. ದೊಡ್ಡ ಕ್ಯೂ ಎಲ್ಲಿದೆ ಎಂದು ಹುಡುಕದೆ, ಕ್ಯೂ ಏರುವ ದಿಕ್ಕಿನಲ್ಲಿ ಪಾಲಿಸಿಯನ್ನು ಸರಿಸುತ್ತವೆ. ನಿಜವಾದ ಯಂತ್ರದ ಮೇಲೆ ಕಲಿಸುವಾಗ ಪ್ರತಿ ಪ್ರಯೋಗವೂ ದುಬಾರಿ, ಆಗ ನಾನು ಎಸ್‌ಎಸಿ ಕಡೆ ವಾಲುತ್ತೇನೆ. ಸಿಮ್ಯುಲೇಷನ್ ವೇಗವಾಗಿದ್ದರೆ ಪಿಪಿಒ. ಐದಾರು ಬಟನ್ ಒತ್ತುವ ಕೆಲಸಕ್ಕೆ ಡಿಕ್ಯೂಎನ್ ಸಾಕು, ಸುಮ್ನೆ ಗಾಸಿಯನ್ ಎಳೆದು ತರಬೇಡಿ.

ಸ್ವಂತ ಕೋಡ್ ಬರೆಯುವವರು ಎಡವುವ ಜಾಗ ಒಂದಿದೆ. ಗಾಸಿಯನ್‌ಗೆ ಮಿತಿಯಿಲ್ಲ, ಮೋಟಾರಿಗಿದೆ.

```python
a = dist.sample()
logp = dist.log_prob(a)
env.step(a.clamp(-2, 2).numpy())
```

ಸಾಲುಗಳ ಕ್ರಮ ನೋಡಿ. `log_prob`, ಅಂದರೆ ಎತ್ತಿದ ಕ್ರಿಯೆಯ ಸಂಭಾವ್ಯತೆಯ ಲಾಗ್, ಗ್ರೇಡಿಯೆಂಟ್ ಬರುವುದು ಅದರಿಂದಲೇ. ಆ ಲೆಕ್ಕ ಕತ್ತರಿಸುವ ಮುಂಚಿನ `a` ಮೇಲೆ ಆಗಬೇಕು. ಕತ್ತರಿಸಿದ 2ರ ಮೇಲೆ ಮಾಡಿದರೆ, ಪಾಲಿಸಿ ಎತ್ತದೇ ಇದ್ದ ಕ್ರಿಯೆಗೆ ಶಭಾಷ್‌ಗಿರಿ ಕೊಟ್ಟಂತಾಗಿ ಗ್ರೇಡಿಯೆಂಟ್ ಒಂದು ಕಡೆ ವಾಲುತ್ತದೆ. ಎರರ್ ಬರುವುದಿಲ್ಲ, ಕಲಿಕೆಯೂ ನಿಲ್ಲುವುದಿಲ್ಲ, ಅದಕ್ಕೇ ಸಿಕ್ಕಿಹಾಕಿಕೊಳ್ಳುವುದು. ಕ್ರಮ ಸರಿ ಇದ್ದರೂ `mu` 5ಕ್ಕೋ 6ಕ್ಕೋ ಹೋಗಿ ಕುಳಿತರೆ ಎತ್ತಿದ್ದೆಲ್ಲ 2 ಆಗುತ್ತದೆ. ಫಲದಲ್ಲಿ ವ್ಯತ್ಯಾಸವೇ ಇಲ್ಲದ ಮೇಲೆ ಯಾವ ಕಡೆ ಸರಿಯಬೇಕೆಂದು ತಿಳಿಯುವುದು ಹೇಗೆ? ಅದಕ್ಕೇ ಅಂಕದ ಗ್ರಾಫ್ ಪಕ್ಕದಲ್ಲಿ ಇನ್ನೆರಡು ಗ್ರಾಫ್ ಇಡಿ: ನೂರಕ್ಕೆ ಎಷ್ಟು ಕ್ರಿಯೆ ಕತ್ತರಿಸಲ್ಪಟ್ಟವು, ಮತ್ತು `sigma` ಎಷ್ಟಿದೆ. ಕಡ್ಡಿ ಇನ್ನೂ ಮೇಲೇರುವ ಮೊದಲೇ `sigma` 0.05ಕ್ಕೆ ಕುಸಿದಿದ್ದರೆ ಪಾಲಿಸಿ ಪ್ರಯೋಗ ಮಾಡುವುದನ್ನು ಬಿಟ್ಟಿದೆ ಎಂದರ್ಥ. ಮೇಲಿನ ಲೆಕ್ಕದಲ್ಲಿ ಒಂದು `sigma` ದೂರದ ಕ್ರಿಯೆಗೆ ಗ್ರೇಡಿಯೆಂಟ್ 2 ಇತ್ತು, ಈಗ ಅದು 20. ಹುಡುಕುವ ಜಾಗ ಕಿರಿದಾಗಿ, ಪ್ರತಿ ತಳ್ಳು ಹತ್ತು ಪಟ್ಟು ಜೋರಾಗಿದೆ. ಆಗ ಕಲಿಕೆಯ ದರ ಇಳಿಸಿ, `sigma` ಬೇಗ ಕುಗ್ಗದಂತೆ ತಡೆಯುವ ಎಂಟ್ರೋಪಿ ಬೋನಸ್ ಸ್ವಲ್ಪ ಏರಿಸಿ, ಮೊದಲಿನಿಂದ ಓಡಿಸಿ.