ವ್ಯಾಲಿಡಿಟಿ ಮುಗಿದ ಮೇಲೂ ಇಲಾಖೆ ಬ್ಯಾಂಕ್ ಗ್ಯಾರಂಟಿ ದುಡ್ಡು ಕೇಳಬಹುದಾ?

ಪ್ರಶ್ನೆ: ಕಂಟ್ರಾಕ್ಟ್ ಕೆಲಸ ಸರಿಯಾಗಿ ಮಾಡುತ್ತೇನೆ ಅಂತ ಇಲಾಖೆಗೆ ಬ್ಯಾಂಕಿನಿಂದ ಕೊಡಿಸಿದ ನನ್ನ ಪರ್ಫಾರ್ಮೆನ್ಸ್ ಗ್ಯಾರಂಟಿಯ ವ್ಯಾಲಿಡಿಟಿ ಮಾರ್ಚ್ 31ಕ್ಕೆ ಮುಗಿಯಿತು. ಅದಕ್ಕೆ ಭದ್ರತೆಯಾಗಿ ಬ್ಯಾಂಕಿನಲ್ಲಿ ಇಟ್ಟ ಮಾರ್ಜಿನ್ ಎಫ್‌ಡಿ ಬಿಡಿ ಅಂದರೆ, ಕ್ಲೇಮ್ ಪೀರಿಯಡ್ ಇನ್ನೂ ಇದೆ ಅಂತಾರೆ ಬ್ಯಾಂಕಿನವರು. ಅವಧಿ ಮುಗಿದ ಗ್ಯಾರಂಟಿಗೆ ಇಲಾಖೆ ಹೇಗೆ ದುಡ್ಡು ಕೇಳುತ್ತೆ ಸಾರ್?

ಉತ್ತರ: ಕೇಳಬಹುದು. ಎಷ್ಟು ಸಲ ಬರೆದರೂ ಪ್ರತಿ ಏಪ್ರಿಲ್‌ನಲ್ಲಿ ಇದೇ ಪ್ರಶ್ನೆ ಬರುತ್ತೆ. ಹಾಗಾಗಿ ಈ ಸಲ ನಿಧಾನವಾಗಿ ಹೇಳುತ್ತೇನೆ. ನಿಮ್ಮ ಗ್ಯಾರಂಟಿ ಪತ್ರ ಎದುರಿಗೆ ಇಟ್ಟುಕೊಳ್ಳಿ.

ಮೊದಲ ಪುಟಗಳನ್ನು ಬಿಡಿ, ಕೊನೆಯ ಪ್ಯಾರಾ ನೋಡಿ. ಅದು ‘ನಾಟ್‌ವಿತ್‌ಸ್ಟ್ಯಾಂಡಿಂಗ್’ ಅಂತ ಶುರುವಾಗುತ್ತೆ. ಮೇಲೆ ಏನೇ ಬರೆದಿದ್ದರೂ ಕೊನೆಗೆ ನಿಲ್ಲುವುದು ಈ ಪ್ಯಾರಾ. ಅದರಲ್ಲಿ ಮೂರೇ ಮಾತು: ಹೆಚ್ಚೆಂದರೆ ಎಷ್ಟು ದುಡ್ಡು, ಗ್ಯಾರಂಟಿ ಯಾವ ತಾರೀಖಿನವರೆಗೆ, ಲಿಖಿತ ಕ್ಲೇಮ್ ಯಾವ ತಾರೀಖಿನ ಒಳಗೆ ಬ್ಯಾಂಕಿಗೆ ಬರಬೇಕು. ಎರಡನೆಯದು ವ್ಯಾಲಿಡಿಟಿ, ಮೂರನೆಯದು ಕ್ಲೇಮ್ ಪೀರಿಯಡ್.

‘ವ್ಯಾಲಿಡಿಟಿ ಮುಗೀತು, ಗ್ಯಾರಂಟಿ ಸತ್ತೋಯ್ತು’ ಅನ್ನುವ ನಂಬಿಕೆ ಹುಟ್ಟುವುದೇ ಇಲ್ಲಿ. ಎರಡನೇ ಸಾಲು ಓದಿ ಪತ್ರ ಮಡಚಿಡುತ್ತಾರೆ. ಆದರೆ ಎರಡೂ ತಾರೀಖಿನ ಕೆಲಸ ಬೇರೆ. ನಿಮ್ಮ ಯಾವ ಅವಧಿಯ ತಪ್ಪಿಗೆ ಬ್ಯಾಂಕ್ ಜವಾಬ್ದಾರಿ ಹೊರುತ್ತೆ ಅನ್ನುವುದು ವ್ಯಾಲಿಡಿಟಿ. ಆ ಅವಧಿಯಲ್ಲಿ ಆದ ತಪ್ಪಿಗೆ ದುಡ್ಡು ಕೇಳಲು ಇಲಾಖೆಗೆ ಕೊಟ್ಟ ಸಮಯ ಕ್ಲೇಮ್ ಪೀರಿಯಡ್.

ಒಂದು ಲೆಕ್ಕ ನೋಡೋಣ. 1 ಕೋಟಿ 20 ಲಕ್ಷದ ರಸ್ತೆ ಕೆಲಸ, 5 ಪರ್ಸೆಂಟ್ ಸೆಕ್ಯುರಿಟಿ, ಅಂದರೆ 6 ಲಕ್ಷದ ಗ್ಯಾರಂಟಿ. ವ್ಯಾಲಿಡಿಟಿ ಮಾರ್ಚ್ 31, ಕ್ಲೇಮ್ ಜೂನ್ 30. ಫೆಬ್ರವರಿಯಲ್ಲಿ ನೀವು ಕೆಲಸ ಅರ್ಧಕ್ಕೆ ನಿಲ್ಲಿಸಿದಿರಿ. ನೋಟಿಸು, ಉತ್ತರ, ಫೈಲು ಅಂತ ಓಡಾಡಿ ಇಲಾಖೆಯ ಪತ್ರ ಬ್ಯಾಂಕಿಗೆ ಬಂದಿದ್ದು ಮೇ 20ಕ್ಕೆ. ವ್ಯಾಲಿಡಿಟಿ ಮುಗಿದು ಏಳು ವಾರ ಆಗಿದೆ, ಆದರೂ ಬ್ಯಾಂಕ್ ಕೊಡಲೇಬೇಕು. ತಪ್ಪು ನಡೆದಿದ್ದು ಮಾರ್ಚ್ 31ರ ಒಳಗೆ, ಕೇಳಿದ್ದು ಜೂನ್ 30ರ ಒಳಗೆ.

ಅದೇ ಪತ್ರ ಜೂನ್ 28ಕ್ಕೆ ಪೋಸ್ಟ್ ಆಗಿ ಜುಲೈ 2ಕ್ಕೆ ತಲುಪಿದರೆ? ಆಗ ತಡ. ಸಾಮಾನ್ಯವಾಗಿ ಪತ್ರದಲ್ಲಿ ಇರುವುದು ಕ್ಲೇಮ್ ಬ್ಯಾಂಕಿಗೆ ‘ತಲುಪಬೇಕು’ ಅಂತ. ಪೋಸ್ಟ್ ಮಾಡಿದ ದಿನ ಲೆಕ್ಕಕ್ಕಿಲ್ಲ. ಯಾವ ಬ್ರಾಂಚಿಗೆ ಬರಬೇಕು ಅಂತ ಬರೆದಿದ್ದರೆ ಅಲ್ಲಿಗೇ ಬರಬೇಕು. ‘ಕಂಟ್ರಾಕ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ, ಗಮನಿಸಿ’ ಅನ್ನುವ ದೂರು ಕ್ಲೇಮ್ ಅಲ್ಲ. ಇಷ್ಟು ದುಡ್ಡು ಕೊಡಿ ಅಂತ ಕೇಳಿರಬೇಕು. ಆದರೆ ‘ಆರು ತಿಂಗಳು ವಿಸ್ತರಿಸಿ, ಇಲ್ಲವಾದರೆ ಇದನ್ನೇ ಕ್ಲೇಮ್ ಅಂತ ತಿಳಿದು ದುಡ್ಡು ಕೊಡಿ’ ಅಂತ ಬಂದರೆ ಸುಮ್ನೆ ಬೆದರಿಕೆ ಅಂದುಕೊಳ್ಳಬೇಡಿ. ಬ್ಯಾಂಕ್ ಅದನ್ನು ಕ್ಲೇಮ್ ಅಂತಲೇ ನೋಡುತ್ತೆ. ಅವತ್ತೇ ಬ್ಯಾಂಕಿಗೆ ಹೋಗಿ ವಿಸ್ತರಣೆಗೆ ಅರ್ಜಿ ಕೊಡಿ.

ಈಗ ನಿಮ್ಮ ಎಫ್‌ಡಿ. ನಿಮ್ಮ ಪತ್ರದ ಕ್ಲೇಮ್ ತಾರೀಖಿನವರೆಗೆ ಬ್ಯಾಂಕಿನ ತಲೆ ಮೇಲೆ ಹೊಣೆ ಇದೆ, ಅದಕ್ಕೇ ಬಿಡುವುದಿಲ್ಲ. ಬಹಳಷ್ಟು ಬ್ಯಾಂಕುಗಳು ಕಮಿಷನ್ನನ್ನೂ ಕ್ಲೇಮ್ ತಾರೀಖಿನವರೆಗೆ ಹಿಡಿಯುತ್ತವೆ. ಬೇಗ ಬಿಡಿಸಬೇಕಾದರೆ ದಾರಿ ಒಂದೇ: ಕೆಲಸ ಮುಗಿದಿದ್ದರೆ ಇಲಾಖೆಯಿಂದ ಒರಿಜಿನಲ್ ಗ್ಯಾರಂಟಿ ಜೊತೆ ಬಿಡುಗಡೆ ಪತ್ರ ತಂದು ಬ್ಯಾಂಕಿಗೆ ಕೊಡಿ.

ನೀವು ಕೇಳದ ಇನ್ನೊಂದು ಮಾತೂ ಇದೆ. ‘ತಪ್ಪು ನನ್ನದಲ್ಲ, ಜಾಗ ಕೊಟ್ಟಿದ್ದೇ ತಡ, ದುಡ್ಡು ಕೊಡಬೇಡಿ’ ಅಂತ ಬ್ಯಾಂಕಿಗೆ ಪತ್ರ ಬರೆದರೆ ನಿಲ್ಲುತ್ತಾ? ಫಾರ್ಮ್ಯಾಟಿನಲ್ಲಿ ‘ವಿತೌಟ್ ಡೆಮರ್’, ‘ಮಿಯರ್ಲಿ ಆನ್ ಡಿಮ್ಯಾಂಡ್’ ಅಂತ ಇದ್ದರೆ ನಿಲ್ಲುವುದಿಲ್ಲ. ಯಾರು ಸರಿ ಅಂತ ಬ್ಯಾಂಕ್ ವಿಚಾರಣೆ ಮಾಡುವ ಹಾಗಿಲ್ಲ, ಕೇಳಿದರೆ ಕೊಡಬೇಕು. ಕೊಟ್ಟ ಮೇಲೆ, ಬ್ಯಾಂಕ್ ಕೊಟ್ಟ ದುಡ್ಡು ನಾನು ತುಂಬುತ್ತೇನೆ ಅಂತ ನೀವು ಸಹಿ ಹಾಕಿರುವ ಕೌಂಟರ್ ಗ್ಯಾರಂಟಿ ತೆಗೆದು, ಎಫ್‌ಡಿ ಹಿಡಿದುಕೊಂಡು, ಉಳಿದಿದ್ದನ್ನು ನಿಮ್ಮ ಸಾಲದ ಖಾತೆಗೆ ಬಡ್ಡಿ ಸಮೇತ ಹಾಕುತ್ತೆ. ನಿಲ್ಲಿಸಲೇಬೇಕು ಅಂದರೆ ಬ್ಯಾಂಕ್ ದುಡ್ಡು ಕೊಡುವ ಮೊದಲು ಕೋರ್ಟಿನಿಂದ ತಡೆ ತರಬೇಕು. ಆದರೆ ಗ್ಯಾರಂಟಿಯ ವಿಷಯದಲ್ಲೇ ಘೋರ ಮೋಸ ಆಗಿದೆ, ಅಥವಾ ಮುಂದೆ ಸರಿಪಡಿಸಲಾಗದ ಅನ್ಯಾಯ ಆಗುತ್ತೆ ಅಂತ ತೋರಿಸದಿದ್ದರೆ ಕೋರ್ಟುಗಳು ಸಾಮಾನ್ಯವಾಗಿ ತಡೆ ಕೊಡುವುದಿಲ್ಲ. 1987ರಲ್ಲೇ ಸುಪ್ರೀಂ ಕೋರ್ಟ್ ಯು.ಪಿ. ಕೋಆಪರೇಟಿವ್ ಫೆಡರೇಶನ್ ಕೇಸಿನಲ್ಲಿ ಈ ದಾರಿ ಹಾಕಿಕೊಟ್ಟಿದೆ. ಜಾಗ ತಡವಾಗಿ ಸಿಕ್ಕಿದ ತಕರಾರನ್ನು ಆಮೇಲೆ ಇಲಾಖೆಯ ಮೇಲೆ ಹೂಡಿ, ದುಡ್ಡು ವಾಪಸ್ ಕೇಳಬೇಕು. ಅದಕ್ಕೆ ಜಾಗ ಹಸ್ತಾಂತರದ ತಾರೀಖು, ನೀವು ಬರೆದ ಪತ್ರಗಳು, ಅದಕ್ಕೆ ಬಂದ ಸ್ವೀಕೃತಿ ಎಲ್ಲವೂ ಫೈಲಿನಲ್ಲಿ ಇರಬೇಕು.