‘ಒನ್‌’ಗೆ ‘ಫಸ್ಟ್’ ಯಾಕೆ, ‘ಒಂದು’ಗೆ ‘ಮೊದಲು’ ಯಾಕೆ?

ನನ್ನ ಅಕ್ಕನ ಮಗಳು ಇಂಗ್ಲಿಷ್ ಹೋಂವರ್ಕ್ ಮಾಡುತ್ತಿದ್ದಳು. ಒನ್, ಟೂ, ತ್ರೀ ಎಂಬ ಸಾಲಿನ ಎದುರು ‘ಎಷ್ಟನೆಯದು’ ಎಂದು ತಿಳಿಸುವ ಪದ ಬರೆಯಬೇಕಿತ್ತು. ಫೋರ್ತ್, ಸಿಕ್ಸ್ತ್, ಸೆವೆಂತ್ ಎಲ್ಲ ಸರಿಯಾಗಿ ಬರೆದಿದ್ದಳು. ಮೇಲಿನ ಮೂರು ಮಾತ್ರ ‘ಒನ್‌ಥ್, ಟೂಥ್, ತ್ರೀಥ್’ ಆಗಿದ್ದವು. ತಪ್ಪು ಎಂದೆ. “ಯಾಕೆ ತಪ್ಪು? ಉಳಿದವೆಲ್ಲ ಹಾಗೇ ಇವೆಯಲ್ಲ ಚಿಕ್ಕಮ್ಮ” ಎಂದಳು. ನ್ಯಾಯವಾದ ಪ್ರಶ್ನೆ. ಅದರ ಉತ್ತರ ಹುಡುಕುತ್ತಾ ಹೋದರೆ ಇಂಗ್ಲಿಷಿನಲ್ಲೇ ನಿಲ್ಲುವುದಿಲ್ಲ, ನಮ್ಮ ಮಾತಿಗೂ ಬಂದು ಮುಟ್ಟುತ್ತದೆ.

ಎಣಿಕೆಗೆ ಬಳಸುವ ಪದ ಬೇರೆ, ಸಾಲಿನಲ್ಲಿ ಜಾಗ ಹೇಳುವ ಪದ ಬೇರೆ. ಮೂರು ಎಂದರೆ ಎಷ್ಟು ಎಂದು ಗೊತ್ತಾಗುತ್ತದೆ. ಮೂರನೆಯ ಎಂದರೆ ಎಷ್ಟರ ನಂತರ ಎಂದು ಗೊತ್ತಾಗುತ್ತದೆ. ನಮ್ಮ ವ್ಯಾಕರಣದಲ್ಲಿ ಮೊದಲಿನದು ಸಂಖ್ಯಾವಾಚಕ, ಎರಡನೆಯದು ಸಂಖ್ಯೇಯವಾಚಕ. ಒಂದರಿಂದ ಇನ್ನೊಂದನ್ನು ಮಾಡಿಕೊಳ್ಳುವುದು ಸುಲಭ, ಬಾಲಕ್ಕೆ ಒಂದು ‘ನೆಯ’ ಸೇರಿಸಿದರೆ ಆಯಿತು. ಹಾಗಿದ್ದರೂ ನಾವು ‘ಒಂದನೆಯ ಮಗು’ ಎನ್ನುವುದಿಲ್ಲ, ‘ಮೊದಲನೆಯ ಮಗು’ ಎನ್ನುತ್ತೇವೆ. ಅಂದರೆ ಇಂಗ್ಲಿಷಿನಲ್ಲಿ ಅವಳು ಎಡವಿದ ಜಾಗದಲ್ಲೇ ಕನ್ನಡವೂ ದಾರಿ ಬದಲಿಸುತ್ತದೆ.

ಈಗ ‘ಫಸ್ಟ್’ ಪದವನ್ನು ಬಿಡಿಸಿ ನೋಡೋಣ. ಅದರೊಳಗೆ ಎಣಿಕೆಯೇ ಇಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದು ‘ಫಿರ್ಸ್ಟ್’ ಎಂಬಂತೆ ಇತ್ತು. ‘ಫೋರ್’ ಎಂದರೆ ಮುಂದೆ. ‘ಬಿಫೋರ್’ ಪದದ ಒಳಗಿರುವುದು ಅದೇ, ನಾಲ್ಕು ಎನ್ನುವ ಫೋರ್ ಅಲ್ಲ. ಅದರ ಕೊನೆಗೆ ‘ಬಿಗ್ಗೆಸ್ಟ್’, ‘ಟಾಲೆಸ್ಟ್’ ಪದಗಳಲ್ಲಿ ಬರುವ ‘ಎಸ್ಟ್’ ಸೇರಿಕೊಂಡಿದೆ. ಹಾಗಾಗಿ ಫಸ್ಟ್ ಎಂದರೆ ‘ಎಲ್ಲರಿಗಿಂತ ಮುಂದೆ ಇರುವವನು’. ಜರ್ಮನ್ ಭಾಷೆಯಲ್ಲಿ ಇದೇ ಪದ ‘ಫ್ಯೂರ್ಸ್ಟ್’ ಆಗಿ ಉಳಿದಿದೆ, ಆದರೆ ಅಲ್ಲಿ ಅದರ ಅರ್ಥ ರಾಜ, ದೊರೆ. ಎಲ್ಲರ ಮುಂದೆ ನಿಲ್ಲುವವನು ತಾನೇ ದೊರೆ?

ಸಂಸ್ಕೃತದಲ್ಲೂ ಹೀಗೇ. ‘ಏಕ’ದಿಂದ ಹುಟ್ಟಿದ ಪದವಲ್ಲ ‘ಪ್ರಥಮ’. ಅದು ‘ಪ್ರ’ ಎಂಬುದರಿಂದ ಬಂದಿದೆ, ಅಂದರೆ ಮುಂದೆ. ಲ್ಯಾಟಿನ್‌ನಲ್ಲಿ ಒಂದಕ್ಕೆ ‘ಊನುಸ್’, ಮೊದಲನೆಯದಕ್ಕೆ ‘ಪ್ರೀಮುಸ್’. ಇದೂ ‘ಮುಂದೆ’ ಎಂಬ ಅರ್ಥದ ಮಾತಿನಿಂದಲೇ ಬಂದದ್ದು. ಈ ಮೂರೂ ಒಂದೇ ದೊಡ್ಡ ಭಾಷಾ ಕುಟುಂಬದವು, ಆದ್ದರಿಂದ ಹೋಲಿಕೆ ಸಹಜ ಎನ್ನಬಹುದು. ಆದರೆ ಕನ್ನಡ ಬೇರೆ ಕುಟುಂಬದ್ದು. ನಮ್ಮ ‘ಮೊದಲು’ ಕೂಡ ಸಂಖ್ಯೆ ಅಲ್ಲ. ಅದಕ್ಕೆ ಆರಂಭ ಎಂಬ ಅರ್ಥವಿದೆ, ಬುಡ ಎಂಬ ಅರ್ಥವಿದೆ. ವ್ಯಾಪಾರಕ್ಕೆ ಹಾಕಿದ ಅಸಲು ದುಡ್ಡಿಗೂ ಮೊದಲು ಎನ್ನುತ್ತಾರೆ. ಲಾಭಕ್ಕೆ ಹೋಗಿ ಮೊದಲನ್ನೇ ಕಳೆದುಕೊಂಡ ಎಂಬಲ್ಲಿ ಇರುವುದು ಆ ಮೊದಲು.

ಯಾಕೆ ಹೀಗೆ? ಸಾಲಿನ ಮುಂದೆ ಯಾರಿದ್ದಾರೆ ಎಂದು ತಿಳಿಯಲು ಎಣಿಸಬೇಕಾಗಿಲ್ಲ. ರೇಷನ್ ಅಂಗಡಿ ಮುಂದೆ ನಿಂತವರಲ್ಲಿ ಏಳನೆಯವರು ಯಾರು ಎಂದರೆ ಬೆರಳು ಮಡಿಸಬೇಕು. ಮೊದಲು ನಿಂತವರು ಯಾರು ಎಂದರೆ ಒಂದು ನೋಟ ಸಾಕು. ಅವರ ಮುಂದೆ ಯಾರೂ ಇಲ್ಲ, ಅಷ್ಟೇ. ಎಣಿಕೆಯ ಅಗತ್ಯವೇ ಇಲ್ಲದ ಕಡೆ ಜನ ಎಣಿಕೆಯ ಪದ ಬಳಸಲಿಲ್ಲ. ಮುಂದೆ, ಆರಂಭ, ಬುಡ ಇಂಥ ಮಾತುಗಳೇ ಕೆಲಸ ಮಾಡಿಕೊಟ್ಟವು.

ಕನ್ನಡದಲ್ಲಿ ಇದನ್ನು ಚೆನ್ನಾಗಿ ತೋರಿಸುವ ಒಂದು ಜೋಡಿ ಇದೆ. ‘ಒಂದನೇ ಕ್ಲಾಸಲ್ಲಿ ಕನ್ನಡ ಇತ್ತು’ ಎಂದು ನೋಡಿ. ಆಮೇಲೆ ‘ಮೊದಲನೇ ಕ್ಲಾಸಲ್ಲಿ ಕನ್ನಡ ಇತ್ತು’ ಎಂದು ನೋಡಿ. ಒಂದನೇ ಕ್ಲಾಸು ಎಂದರೆ ಒಂದನೇ ತರಗತಿ. ಮೊದಲನೇ ಕ್ಲಾಸು ಎಂದಾಗ ಬೆಳಿಗ್ಗೆ ಗಂಟೆ ಹೊಡೆದ ಕೂಡಲೇ ನಡೆದ ಪಾಠ ಎಂದೇ ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಬಾಗಿಲ ಮೇಲೆ ‘1’ ಎಂದು ಅಂಕಿ ಬರೆದ ಕಡೆ ‘ಒಂದನೇ’ ಬರುತ್ತದೆ. ಒಂದನೇ ತಾರೀಖು, ಒಂದನೇ ವಾರ್ಡು ಎನ್ನುವುದೂ ಇದೇ ಬಗೆ. ಅಂಕಿ ಇಲ್ಲದೆ ಬರೀ ಯಾವುದು ಮುಂಚೆ ಎಂಬುದಷ್ಟೇ ಮುಖ್ಯವಾದರೆ ‘ಮೊದಲನೇ’ ಬರುತ್ತದೆ. ಮೊದಲನೇ ಮಗು, ಮೊದಲನೇ ಸಂಬಳ, ಮೊದಲನೇ ಮಳೆ. ಈ ವ್ಯತ್ಯಾಸವನ್ನು ನಮಗೆ ಯಾರೂ ಪಾಠ ಮಾಡಲಿಲ್ಲ. ಆದರೂ ನಾವು ತಪ್ಪುವುದಿಲ್ಲ.

ಸೆಕೆಂಡ್ ಕಥೆ ಇದಕ್ಕಿಂತ ಸ್ವಾರಸ್ಯದ್ದು. ಈ ಪದ ಇಂಗ್ಲಿಷಿನದ್ದೇ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ಎರಡನೆಯದಕ್ಕೆ ಹೇಳುತ್ತಿದ್ದ ಪದ ಇಂದಿನ ‘ಅದರ್’, ಅಂದರೆ ಬೇರೆಯದು, ಇನ್ನೊಂದು. ಇದಕ್ಕೂ ಕಾರಣವಿದೆ. ಇಬ್ಬರೇ ಇರುವಾಗ ಒಬ್ಬ ಮೊದಲನೆಯವನು, ಉಳಿದವನು ಇನ್ನೊಬ್ಬ. ಅಲ್ಲೂ ಎಣಿಸುವುದು ಬೇಕಿಲ್ಲ. ತೊಡಕು ಬರುವುದು ಮೂರನೆಯವನು ಬಂದಾಗ. ಆಗ ‘ಇನ್ನೊಬ್ಬ’ ಎಂದರೆ ಯಾರು? ಎರಡನೆಯವನೋ, ಇನ್ಯಾರೋ ಒಬ್ಬನೋ?

ನಮ್ಮಲ್ಲೂ ಈ ತೊಡಕನ್ನು ಹತ್ತಿರದಿಂದ ನೋಡಬಹುದು. ‘ಮರು’ ಎನ್ನುವ ಮಾತಿಗೆ ಮುಂದಿನ, ಮತ್ತೊಂದು, ಮತ್ತೆ ಎಂಬ ಅರ್ಥಗಳಿವೆ. ಮರುದಿನ ಎಂದರೆ ಎರಡನೆಯ ದಿನ. ಮರುಮದುವೆ ಎಂದರೆ ಸಾಮಾನ್ಯವಾಗಿ ಎರಡನೆಯ ಮದುವೆ. ಮರುಮುದ್ರಣ ಎಂದಾಗ ಸಿಕ್ಕಿಕೊಳ್ಳುತ್ತೇವೆ. ಪುಸ್ತಕ ಎರಡನೇ ಸಲ ಅಚ್ಚಾದರೂ ಮರುಮುದ್ರಣ, ಐದನೇ ಸಲ ಅಚ್ಚಾದರೂ ಮರುಮುದ್ರಣವೇ. ಅದಕ್ಕೇ ಪ್ರಕಾಶಕರು ಒಳಪುಟದಲ್ಲಿ ‘ಎರಡನೆಯ ಮುದ್ರಣ’, ‘ಮೂರನೆಯ ಮುದ್ರಣ’ ಎಂದು ಬಿಡಿಸಿ ಹಾಕುತ್ತಾರೆ. ಕನ್ನಡಕ್ಕೆ ಕೈಗೆ ಸಿಗುವಂತೆ ‘ಎರಡನೆಯ’ ಇತ್ತು. ಹಳೆಯ ಇಂಗ್ಲಿಷಿಗೆ ‘ಟೂ’ನಿಂದ ಹುಟ್ಟಿದ ಅಂಥ ಪದ ಇರಲಿಲ್ಲ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಳುವವರ ಭಾಷೆ ಫ್ರೆಂಚ್ ಆಯಿತು. ಸುಮಾರು 1300ರ ಹೊತ್ತಿಗೆ ಫ್ರೆಂಚಿನ ‘ಸೆಕೆಂಡ್’ ಇಂಗ್ಲಿಷಿಗೆ ಬಂದು ಆ ಖಾಲಿ ಜಾಗದಲ್ಲಿ ಕುಳಿತಿತು. ಮೂಲದಲ್ಲಿ ಅದು ಲ್ಯಾಟಿನ್ನಿನ ‘ಸೆಕುಂದುಸ್’, ಅಂದರೆ ಹಿಂದೆಯೇ ಬರುವವನು. ಇದರಲ್ಲೂ ಎರಡು ಎಂಬ ಸಂಖ್ಯೆ ಇಲ್ಲ. ಜರ್ಮನರಲ್ಲೂ ಎರಡನೆಯದಕ್ಕೆ ‘ಆಂಡರ್’ ಎಂಬ ಪದ ಇತ್ತು, ಅದೂ ‘ಬೇರೆಯದು’ ಎಂದೇ. ಅವರು ಸಾಲ ಮಾಡದೆ ತಮ್ಮ ಎರಡಕ್ಕೇ ಬಾಲ ಸೇರಿಸಿ ‘ತ್ಸ್ವೈಟೆ’ ಮಾಡಿಕೊಂಡರು. ಹಳೆಯ ಪದದ ಗುರುತು ಇವತ್ತಿಗೂ ಒಂದೂವರೆಗೆ ಅವರು ಹೇಳುವ ‘ಆಂಡರ್ಟ್‌ಹಾಲ್ಬ್’ನಲ್ಲಿದೆ. ಒಂದು ಪೂರ್ತಿ, ಎರಡನೆಯದರಲ್ಲಿ ಅರ್ಧ ಎಂಬ ಲೆಕ್ಕ. ಇಂಗ್ಲಿಷಿನಲ್ಲೂ ದಿನ ಬಿಟ್ಟು ದಿನ ಎನ್ನಲು ‘ಎವರಿ ಅದರ್ ಡೇ’ ಎನ್ನುತ್ತಾರಲ್ಲ, ಅಲ್ಲಿನ ‘ಅದರ್’ ಎಂದರೆ ಎರಡನೆಯದು.

ಹಿಂದಿಯ ‘ದೂಸ್ರಾ’ ಎರಡೂ ಅರ್ಥವನ್ನು ಇವತ್ತಿಗೂ ಹೊತ್ತುಕೊಂಡಿದೆ. ಎರಡನೆಯದಕ್ಕೂ ಅದೇ, ಬೇರೆಯದಕ್ಕೂ ಅದೇ. ಕ್ರಿಕೆಟ್ಟಿನಲ್ಲಿ ಆಫ್ ಸ್ಪಿನ್ನರ್ ಹಾಕುವ ದೂಸ್ರಾ ಓವರಿನ ಎರಡನೇ ಬಾಲ್ ಅಲ್ಲ, ಆ ಕಡೆಗೆ ತಿರುಗುವ ‘ಇನ್ನೊಂದು’ ಬಾಲ್.

ಗಡಿಯಾರದ ಸೆಕೆಂಡೂ ಇದೇ ಪದ. ಗಂಟೆಯನ್ನು ಅರವತ್ತು ಭಾಗ ಮಾಡಿದಾಗ ಬಂದದ್ದು ಲ್ಯಾಟಿನ್ನಿನಲ್ಲಿ ‘ಮೊದಲನೆಯ ಸಣ್ಣ ಭಾಗ’. ಸಣ್ಣ ಎಂಬ ಪದವೇ ‘ಮಿನೂಟಾ’, ಅದೇ ಮಿನಿಟು. ಆ ಭಾಗವನ್ನು ಮತ್ತೆ ಅರವತ್ತು ಮಾಡಿದಾಗ ಬಂದದ್ದು ‘ಎರಡನೆಯ ಸಣ್ಣ ಭಾಗ’. ಉದ್ದ ಹೆಸರು ಸವೆದು ಬರೀ ‘ಎರಡನೆಯ’ ಉಳಿಯಿತು. ಬಸ್ಸಿನವರಿಗೆ ‘ಒಂದ್ ಸೆಕೆಂಡ್ ನಿಲ್ಸಿ’ ಎನ್ನುವಾಗ ನಾವು ಹೇಳುವುದು ‘ಒಂದು ಎರಡನೆಯದು’ ಎಂದೇ.

ಥರ್ಡ್ ನಿಜವಾಗಿ ಮೂರರಿಂದಲೇ ಬಂದದ್ದು. ಹಳೆಯ ರೂಪ ‘ಥ್ರಿಡ್ಡಾ’. ‘ಥ್ರಿಡ್’ನ ರಕಾರ ಒಂದು ಹೆಜ್ಜೆ ಹಿಂದೆ ಸರಿದು ‘ಥರ್ಡ್’ ಆಯಿತು. ಹಕ್ಕಿಗೆ ಹೇಳುವ ‘ಬರ್ಡ್’ ಕೂಡ ಮೊದಲು ‘ಬ್ರಿಡ್’ ಆಗಿತ್ತು. ಫೋರ್ತ್‌ನಿಂದ ಮುಂದೆ ದಾರಿ ಸಲೀಸು. ಆ ಕೊನೆಯ ‘ಥ್’ ಕೂಡ ನಮಗೆ ಹೊಸದಲ್ಲ, ಸಂಸ್ಕೃತದ ಚತುರ್ಥದ ಕೊನೆಗಿರುವ ‘ಥ’ದ ನೆಂಟ ಅದು.

ಪಂಚಾಂಗ ಬಲ್ಲ ಅಜ್ಜಿಯರಿಗೆ ಈ ಏರಿಳಿತ ಬಾಯಿಪಾಠ. ಪಾಡ್ಯ, ಬಿದಿಗೆ, ತದಿಗೆ, ಚೌತಿ, ಪಂಚಮಿ. ಬಿದಿಗೆ ದ್ವಿತೀಯೆಯಿಂದ, ತದಿಗೆ ತೃತೀಯೆಯಿಂದ, ಚೌತಿ ಚತುರ್ಥಿಯಿಂದ ಪ್ರಾಕೃತದ ದಾರಿಯಲ್ಲಿ ಸವೆದು ಬಂದವು. ಪಾಡ್ಯ ಮಾತ್ರ ಯಾವ ಸಂಖ್ಯೆಯದ್ದೂ ಅಲ್ಲ. ಅದು ‘ಪ್ರತಿಪದ್’, ಕಾಲಿಡುವುದು, ಶುರುವಾಗುವುದು. ಯುಗಾದಿಯ ಪಾಡ್ಯಕ್ಕೂ ಬಲಿಪಾಡ್ಯಮಿಗೂ ಆ ಶುರುವಿನ ಅರ್ಥವೇ ಆಧಾರ.

ಭಾಷಾ ವಿಜ್ಞಾನಿಗಳು ಲೋಕದ 321 ಭಾಷೆಗಳನ್ನು ಈ ಒಂದು ವಿಷಯಕ್ಕಾಗಿ ಹೋಲಿಸಿ ನೋಡಿದ್ದಾರೆ. ‘ಒಂದನೆಯ, ಎರಡನೆಯ, ಮೂರನೆಯ’ ಎಂದು ಒಂದರಿಂದಲೇ ನೇರವಾಗಿ ಸಾಗುವ ಭಾಷೆಗಳು ಅದರಲ್ಲಿ 41 ಮಾತ್ರ. ಮೊದಲನೆಯದಕ್ಕಷ್ಟೇ ಬೇರೆ ಪದ ಇಟ್ಟುಕೊಂಡವು 110. ಇಂಗ್ಲಿಷಿನಂತೆ ಎರಡನೆಯದಕ್ಕೂ ಬೇರೆ ಪದ ಇರುವವು 61. ‘ಮೊದಲನೆಯ’ ಮತ್ತು ‘ಒಂದನೆಯ’ ಎರಡನ್ನೂ ಉಳಿಸಿಕೊಂಡ, ನಮ್ಮ ಕನ್ನಡದಂಥ ಬಗೆಯವು 54.

ಇಂಥ ಪದಗಳು ಸಾವಿರ ವರ್ಷವಾದರೂ ಸರಿಹೋಗದೆ ಉಳಿಯಲು ಕಾರಣ ಅವುಗಳ ಬಳಕೆ. ದಿನಕ್ಕೆ ಹತ್ತಾರು ಸಲ ಬಾಯಿಗೆ ಬರುವ ಪದವನ್ನು ಮಕ್ಕಳು ಕೇಳಿಯೇ ಕಲಿಯುತ್ತವೆ, ನಿಯಮದಿಂದ ಕಟ್ಟಿಕೊಳ್ಳಬೇಕಾಗಿಲ್ಲ. ಹದಿನೇಳನೆಯ ಎಂಬುದು ಅಪರೂಪ, ಅದನ್ನು ಪ್ರತಿ ಸಲವೂ ಕಟ್ಟಬೇಕು, ಆದ್ದರಿಂದ ನಿಯಮಕ್ಕೆ ಬದ್ಧ. ಸಾಲಿನ ಎಳೆತ ಮಾತ್ರ ಇದ್ದೇ ಇರುತ್ತದೆ. ‘ಮೊದಲ ಮಗು’ ಎಂದರೆ ಸಾಕಿತ್ತು. ಎರಡನೆಯ, ಮೂರನೆಯ ಕೇಳಿ ಕೇಳಿ ನಾವು ಮೊದಲಿಗೂ ‘ನೆಯ’ ಅಂಟಿಸಿ ‘ಮೊದಲನೆಯ’ ಮಾಡಿಕೊಂಡೆವು. ನನ್ನ ಅಕ್ಕನ ಮಗಳು ‘ಒನ್‌ಥ್’ ಬರೆದದ್ದೂ ಇದೇ ಎಳೆತಕ್ಕೆ.

ಒಂದು ಕಡೆ ಮಾತ್ರ ಕನ್ನಡ ಮತ್ತು ಇಂಗ್ಲಿಷ್ ಬೇರೆ ಬೇರೆ ದಾರಿ ಹಿಡಿದಿವೆ. ಇಂಗ್ಲಿಷಿನವರು ‘ಟ್ವೆಂಟಿ ಫಸ್ಟ್’ ಎನ್ನುತ್ತಾರೆ. ಇಪ್ಪತ್ತು ಜನರ ಹಿಂದೆ ನಿಂತವನು ಎಲ್ಲರಿಗಿಂತ ಮುಂದೆ ಇರುವುದು ಹೇಗೆ? ಹಿಂದೆ ಅವರೂ ‘ಒನ್ ಅಂಡ್ ಟ್ವೆಂಟಿಯತ್’ ಎನ್ನುತ್ತಿದ್ದರು. ಕಾಲ ಕಳೆದಂತೆ ಫಸ್ಟ್‌ನ ಒಳಗಿದ್ದ ‘ಮುಂದೆ’ ಮರೆತುಹೋಗಿ ಅದು ಬರೀ ಒಂದರ ಇನ್ನೊಂದು ರೂಪವಾಯಿತು. ಕನ್ನಡದಲ್ಲಿ ಮೊದಲಿನ ಅರ್ಥ ಇನ್ನೂ ಮಾಸಿಲ್ಲ. ಅದಕ್ಕೇ ‘ಇಪ್ಪತ್ತಮೊದಲನೆಯ’ ಎಂದು ಯಾರ ಬಾಯಲ್ಲೂ ಬರುವುದಿಲ್ಲ. ಇಪ್ಪತ್ತೊಂದನೆಯ, ನೂರ ಒಂದನೆಯ ಎಂದೇ ಬರುತ್ತದೆ.